ಕೊನೇ ಲಾಂಚ್: ಟ್ರೇಲರ್ ಬಂದಿದೆ, ನೋಡಿ

“ಹತ್ತು ನಿಮಿಷ ನಿಲ್ಲಿಸ್ತೀರಾ? ಒಬ್ರು ಬರೋರಿದ್ದಾರೆ.”

ಶರಾವತಿ ಹಿನ್ನೀರಿನ ಹೊಳೆಬಾಗಿಲ ದಡ. ಸಂಜೆ ಆರು ಗಂಟೆ. ತಗಡಿನ ಟ್ರಂಕು ಹಿಡಿದು ಬಂದ ಹೆಂಗಸೊಬ್ಬರು ಲಾಂಚಿನ ಡ್ರೈವರ್ ಗಣಪಣ್ಣನನ್ನು ಹೀಗೆ ಕೇಳುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಗಣಪಣ್ಣ ಯಾರಿಗೂ ಒಂದು ನಿಮಿಷ ಲಾಂಚ್ ನಿಲ್ಲಿಸಿದವರಲ್ಲ. ಅವತ್ತು ನಿಲ್ಲಿಸುತ್ತಾರೆ.

ಬರಬೇಕಾದವರು ಯಾರು? ಟ್ರಂಕಿನಲ್ಲಿ ಏನಿದೆ? ಗಣಪಣ್ಣ ಯಾಕೆ ಒಪ್ಪಿದರು? ಟ್ರೇಲರಿನಲ್ಲಿ ಇದಕ್ಕೆ ಉತ್ತರ ಇಲ್ಲ. ಇಲ್ಲೂ ಹೇಳುವುದಿಲ್ಲ. ಫೆಬ್ರವರಿ 27, ಶುಕ್ರವಾರ, ಥಿಯೇಟರಿಗೆ ಬನ್ನಿ.

ನಮ್ಮ ಮೊದಲ ಸಿನಿಮಾ ‘ಕೊನೇ ಲಾಂಚ್’ ಟ್ರೇಲರ್ ಇವತ್ತು ಬೆಳಿಗ್ಗೆ 10 ಗಂಟೆಗೆ ಬಿಡುಗಡೆ ಆಗಿದೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ಒಂದೇ ಒಂದು ಕೋರಿಕೆ: ಹೆಡ್‌ಫೋನ್ ಹಾಕಿಕೊಂಡು ನೋಡಿ. ಮೊದಲ ಹದಿನೈದು ಸೆಕೆಂಡು ಪರದೆ ಮೇಲೆ ಏನೂ ಕಾಣುವುದಿಲ್ಲ. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬರೀ ಸದ್ದು ಕೇಳಿ.

ಸಾಗರದ ಕಡೆಯವರಿಗೆ ಆ ಸದ್ದು ಏನೆಂದು ಕೂಡಲೇ ಗೊತ್ತಾಗುತ್ತದೆ. ಬೇರೆ ಊರಿನವರಿಗಾಗಿ ಸ್ವಲ್ಪ ಹೇಳುತ್ತೇನೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಗದ್ದೆ, ತೋಟ, ಮನೆ, ದಾರಿ ಎಲ್ಲ ನೀರಿನೊಳಗೆ ಹೋಯಿತು. ತುಮರಿ, ಕಳಸವಳ್ಳಿ ಸುತ್ತಲಿನ ಊರುಗಳು ಹಿನ್ನೀರಿನ ಆಚೆ ಉಳಿದವು. ಸಾಗರದ ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಬರಬೇಕೆಂದರೆ ಲಾಂಚ್ ಹತ್ತಬೇಕಿತ್ತು. ಜನ, ಬೈಕು, ಜೀಪು, ಅಡಿಕೆ ಮೂಟೆ, ಇಡೀ ಬಸ್ಸು, ಎಲ್ಲವೂ ಅದರ ಮೇಲೇ. ಸಿಗಂದೂರಿಗೆ ಹೋದವರು ಒಮ್ಮೆಯಾದರೂ ಹತ್ತಿರುತ್ತೀರಿ. ನಿಮಗೆ ಅದು ಫೋಟೋ ತೆಗೆದುಕೊಳ್ಳುವ ಜಾಗವಾಗಿತ್ತು. ಆಚೆ ದಡದವರಿಗೆ ಅದೇ ಗಡಿಯಾರವಾಗಿತ್ತು. ಮದುವೆ ಮುಹೂರ್ತ, ಪರೀಕ್ಷೆ, ಡಾಕ್ಟರ ಹತ್ತಿರ ಹೋಗುವುದು, ಎಲ್ಲಕ್ಕೂ ಮೊದಲು ಕೇಳುತ್ತಿದ್ದ ಮಾತು ಒಂದೇ: “ಕೊನೇ ಲಾಂಚ್ ಸಿಗ್ತದಾ?” ತಪ್ಪಿದರೆ ಈಚೆ ದಡದಲ್ಲೇ ಯಾರದಾದರೂ ಮನೆಯಲ್ಲಿ ರಾತ್ರಿ ಕಳೆಯಬೇಕಿತ್ತು. ಇಲ್ಲವೇ ಗಂಟೆಗಟ್ಟಲೆ ಸುತ್ತು ಬಳಸಿ ಹೋಗಬೇಕಿತ್ತು.

ನನ್ನ ಅಜ್ಜಿ ಮನೆ ಆಚೆ ದಡದ್ದು. ಚಿಕ್ಕವನಿದ್ದಾಗ ಅಮ್ಮ ನನ್ನ ಕೈ ಹಿಡಿದು ಆ ಇಳಿಜಾರಿನಲ್ಲಿ ಓಡಿದ್ದು, ಲಾಂಚ್ ಆಗಲೇ ದಡ ಬಿಟ್ಟಿದ್ದು, ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ಮಾತೂ ಆಡದೆ ನೀರು ನೋಡಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಅವತ್ತು ಅಮ್ಮ ಎಲ್ಲಿಗೆ ಹೊರಟಿದ್ದಳು ಎಂದು ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷದ ನಂತರ. ಸಿನಿಮಾ ಅಲ್ಲಿಂದ ಹುಟ್ಟಿತು. ಆದರೆ ಇದು ನಮ್ಮ ಮನೆಯ ಕಥೆ ಅಲ್ಲ. ಗಣಪಣ್ಣ, ಟ್ರಂಕಿನ ಹೆಂಗಸು, ಅವರ ಹಿಂದೆ ಮುಂದೆ ಓಡಾಡುವ ಆ ಹುಡುಗ, ಎಲ್ಲರೂ ನಾವು ಕಲ್ಪಿಸಿಕೊಂಡವರು.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಟ್ರೇಲರ್ ನೋಡಿದ ಗೆಳೆಯರೊಬ್ಬರು ಕೇಳಿದರು, “ಸೇತುವೆ ಬೇಡ ಅಂತ ಹೇಳೋ ಸಿನಿಮಾನಾ?” ಅಲ್ಲ. ಖಂಡಿತ ಅಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಏನು ಗತಿ ಎಂದು ಹೆದರಿಕೊಂಡೇ ಬದುಕಿದ ಜನ ಅವರು. ಆ ಸೇತುವೆಗಾಗಿ ಎರಡು ಮೂರು ತಲೆಮಾರು ಕಾದಿದ್ದಾರೆ. ಅವರ ಸಂತೋಷದಲ್ಲಿ ನಮಗೂ ಪಾಲಿದೆ. ನಮ್ಮ ಕಥೆ ನಡೆಯುವುದು ಸೇತುವೆ ಇನ್ನೇನು ಮುಗಿಯಬೇಕು ಅನ್ನುವ ಹೊತ್ತಿನಲ್ಲಿ, ಒಂದೇ ಒಂದು ಸಂಜೆ. ಅಷ್ಟು ವರ್ಷ ಕಾದವರು ಇನ್ನು ಹತ್ತು ನಿಮಿಷ ಕಾಯುತ್ತಾರೆ. ಇದಕ್ಕಿಂತ ಜಾಸ್ತಿ ಹೇಳಿದರೆ ವಿನುತಾ ನನ್ನ ಜೊತೆ ಮಾತು ಬಿಡುತ್ತಾಳೆ.

ವಿನುತಾ ಈ ಸಿನಿಮಾವನ್ನು ನನ್ನ ಜೊತೆ ಬರೆದವಳು. ಮಾತುಗಳೆಲ್ಲ ಅವಳದ್ದೇ. ನಾನು ಮೊದಲು ಬರೆದ ಗಣಪಣ್ಣ ತುಂಬಾ ಮಾತಾಡುತ್ತಿದ್ದ. ಅವಳು ಅವನ ಮಾತನ್ನು ಕಡಿಮೆ ಮಾಡುತ್ತಾ ಮಾಡುತ್ತಾ ಇಡೀ ಸಿನಿಮಾದಲ್ಲಿ ಹನ್ನೊಂದು ವಾಕ್ಯಕ್ಕೆ ತಂದಳು. ಸರಿಯಾದದ್ದು ಅದೇ.

ಸೇತುವೆ ತೆರೆಯುವ ಮೊದಲು ಚಿತ್ರೀಕರಣ ಮುಗಿಸಲೇಬೇಕಿತ್ತು. ಮೇ 19ಕ್ಕೆ ಶುರು ಮಾಡಿದೆವು. ಮಳೆ ಜೂನಿಗೆ ತಾನೇ ಎಂದುಕೊಂಡಿದ್ದೆವು. ಆ ವರ್ಷ ಮೇ ಮುಗಿಯುವ ಮೊದಲೇ ಬಂದುಬಿಟ್ಟಿತು. ಅರ್ಧ ಸಿನಿಮಾ ಬಿಸಿಲಿನಲ್ಲಿ ಬರೆದದ್ದು, ಮಳೆಯಲ್ಲಿ ತೆಗೆಯಬೇಕಾಯಿತು. ಕ್ಯಾಮೆರಾ ಹಿಡಿದ ಪ್ರಜ್ವಲ್ ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. “ಮಳೆ ಬಂದ್ರೆ ದಡ ಕಾಣಲ್ಲ. ಕಾಯೋರಿಗೆ ದಡ ಕಾಣಬಾರದು ಅಲ್ವಾ?” ಎಂದ. ನಾವು ರಾತ್ರಿ ಕೂತು ಚಿತ್ರಕಥೆಯ ಕೊನೆಯ ಇಪ್ಪತ್ತು ಪುಟ ಬದಲಾಯಿಸಿದೆವು. ಟ್ರೇಲರಿನ ಒಂದನೇ ನಿಮಿಷದಲ್ಲಿ ಮಂಜಿನೊಳಗಿಂದ ಲಾಂಚ್ ಬರುವ ಶಾಟ್ ಇದೆಯಲ್ಲ, ಅದಕ್ಕೆ ಗ್ರಾಫಿಕ್ಸ್ ಇಲ್ಲ, ಹೊಗೆ ಯಂತ್ರ ಇಲ್ಲ. ಬೆಳಿಗ್ಗೆ ಐದೂವರೆಯಿಂದ ಮೂರು ದಿನ ಕಾದು ತೆಗೆದದ್ದು.

ಇನ್ನೊಂದು ಶಾಟ್ ಬಗ್ಗೆ ಈಗಲೇ ಪ್ರಶ್ನೆ ಬರುತ್ತಿದೆ. 1:34ರಲ್ಲಿ ಕಾಣುವ ಆ ಹಳೇ ಕಟ್ಟೆ ಸೆಟ್ಟಾ? ಸೆಟ್ ಅಲ್ಲ. ಅದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿಗೂ ಮೊದಲಿನದು, ಈಗ ಹಿನ್ನೀರಿನಲ್ಲಿ ಮುಳುಗಿದೆ. ನೀರು ತೀರಾ ಇಳಿದ ವರ್ಷ ಮಾತ್ರ ಮೇಲೆ ಕಾಣುತ್ತದೆ. 2023ರ ಬೇಸಿಗೆಯಲ್ಲಿ ಕಂಡಿತ್ತು. ಆಗ ನಮ್ಮ ಕೈಯಲ್ಲಿ ಕಥೆ ಇರಲಿಲ್ಲ, ದುಡ್ಡೂ ಇರಲಿಲ್ಲ. ಇದ್ದದ್ದು ಬಾಡಿಗೆಗೆ ತಂದ ಒಂದು ಕ್ಯಾಮೆರಾ. ಸುಮ್ನೆ ತೆಗೆದಿಟ್ಟಿದ್ದೆವು. ಅದು ಸಿನಿಮಾದಲ್ಲಿ ಎಲ್ಲಿ ಬರುತ್ತದೆ ಎಂದು ನೋಡಿದವರು ದಯವಿಟ್ಟು ಯಾರಿಗೂ ಹೇಳಬೇಡಿ.

ಈಗ ಆ ಹದಿನೈದು ಸೆಕೆಂಡಿನ ಸದ್ದು. ಅದು ಶ್ರೀಲತಾ ಕೆಲಸ. ನಾವು ಮಾತುಗಳನ್ನು ಸ್ಥಳದಲ್ಲೇ ರೆಕಾರ್ಡ್ ಮಾಡಿದೆವು, ಸ್ಟುಡಿಯೋದಲ್ಲಿ ಡಬ್ ಮಾಡಲಿಲ್ಲ. ಲಾಂಚಿನ ಎಂಜಿನ್ ಪಕ್ಕದಲ್ಲಿ ನಿಂತು ಪಿಸುಮಾತು ರೆಕಾರ್ಡ್ ಮಾಡುವುದು ಎಂಥ ಕಷ್ಟ ಎಂದು ಈ ಕೆಲಸ ಗೊತ್ತಿರುವವರಿಗೆ ಹೇಳಬೇಕಿಲ್ಲ. ಅದು ಸಾಲದು ಎಂದು ಶ್ರೀಲತಾ ಚಿತ್ರೀಕರಣ ಮುಗಿದ ಮೇಲೂ ನಾಲ್ಕು ದಿನ ಅಲ್ಲೇ ಉಳಿದಳು. ಎಂಜಿನ್ ಶುರುವಾಗುವ ಸದ್ದು, ನಿಲ್ಲುವ ಸದ್ದು, ಸರಪಳಿ, ದಡಕ್ಕೆ ತಗಡು ತಾಗುವ ಸದ್ದು, ಬಸ್ಸು ಹತ್ತಿದಾಗ ಲಾಂಚ್ ತಗ್ಗುವ ಸದ್ದು. ಒಂದೊಂದನ್ನೂ ಬೇರೆ ಬೇರೆ ಹಿಡಿದಿಟ್ಟಳು. ಒಂದೂವರೆ ತಿಂಗಳಿಗೆ ಸೇತುವೆ ತೆರೆಯಿತು. ಈಗ ಅಲ್ಲಿಗೆ ಹೋಗಿ ಆ ದಿನಗಳ ಸದ್ದು ಬೇಕೆಂದರೆ ಸಿಗುವುದಿಲ್ಲ. ಪೋಸ್ಟರಿನಲ್ಲಿ ಅವಳ ಹೆಸರು ನನ್ನ ಹೆಸರಿನಷ್ಟೇ ದೊಡ್ಡದಾಗಿ ಇರುವುದು ಅದಕ್ಕೇ.

ಗಣಪಣ್ಣನಾಗಿ ಸುಬ್ರಾಯ ಅವರು. ಮೂವತ್ತು ವರ್ಷ ಹವ್ಯಾಸಿ ನಾಟಕ ತಂಡಗಳಲ್ಲಿ ಪಾತ್ರ ಮಾಡಿದವರು, ಕ್ಯಾಮೆರಾ ಮುಂದೆ ಇದೇ ಮೊದಲು. ಲಾಂಚಿನವರ ಜೊತೆ ಒಂದು ವಾರ ಓಡಾಡಿ, ಅವರು ನಿಲ್ಲುವ ರೀತಿ, ದಡ ಬರುವ ಮೊದಲೇ ಕುತ್ತಿಗೆ ಹೊರಳಿಸುವ ರೀತಿ ಕಲಿತುಕೊಂಡರು. ಟ್ರಂಕಿನ ಹೆಂಗಸಾಗಿ ಜಯಲಕ್ಷ್ಮಿ ಅಕ್ಕ. ಅವರ ಮುಖವನ್ನು ಟ್ರೇಲರಿನಲ್ಲಿ ಪೂರ್ತಿ ತೋರಿಸಿಲ್ಲ. ಬೇಕೆಂದೇ ತೋರಿಸಿಲ್ಲ. ಹುಡುಗ ಚಿರಂತ್, ತುಮರಿಯ ಕಡೆಯವನು, ಆರನೇ ಕ್ಲಾಸು. ‘ಆ್ಯಕ್ಷನ್’ ಅಂದರೆ ಗಟ್ಟಿಯಾಗುತ್ತಿದ್ದ. ಹಾಗಾಗಿ ಅವನ ದೃಶ್ಯಗಳಲ್ಲಿ ಯಾರೂ ಆ ಮಾತು ಹೇಳಲಿಲ್ಲ. ಪ್ರಜ್ವಲ್ ಮೆಲ್ಲಗೆ ಕ್ಯಾಮೆರಾ ಆನ್ ಮಾಡುತ್ತಿದ್ದ, ಅಷ್ಟೇ.

ಶೀರ್ಷಿಕೆ ನೋಡಿದಿರಾ? ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ಸಾಗರದ ಕಡೆ ದೀವರ ಮನೆಗಳ ಗೋಡೆ ಮೇಲೆ ಹೆಂಗಸರು ಬರೆಯುವ ಹಸೆ ಚಿತ್ತಾರದ ಸಾಲು ಅದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೌರಮ್ಮ ಎರಡು ದಿನ ಕೂತು ಬರೆದುಕೊಟ್ಟರು. ಚಿತ್ತಾರದ ನಡುವೆ ಒಂದು ಸಣ್ಣ ಲಾಂಚ್ ಇದೆ, ಹುಡುಕಿ. ಅದನ್ನು ನಾವು ಕೇಳಿರಲಿಲ್ಲ, ಅವರೇ ಸೇರಿಸಿದ್ದು. ಟ್ರೇಲರಿನ ಕೊನೆಯಲ್ಲಿ ಕೇಳುವ ಮದುವೆ ಹಾಡಿನ ಗುನುಗು ಕೂಡ ಅವರದೇ ದನಿ. ಬರೆಯುತ್ತಾ ಹಾಡಿಕೊಳ್ಳುತ್ತಿದ್ದರು. ಶ್ರೀಲತಾ ಪಕ್ಕದಲ್ಲಿದ್ದಳು, ಅವರನ್ನು ಕೇಳಿಕೊಂಡು ರೆಕಾರ್ಡ್ ಮಾಡಿದಳು.

ಸಂಗೀತ ಮಾಡಿದ ಅನಿರುದ್ಧ ಆ ಗುನುಗು ಕೇಳಿ, ತಾನು ಮಾಡಿಟ್ಟಿದ್ದ ಕೊನೆಯ ಟ್ಯೂನನ್ನು ತೆಗೆದುಹಾಕಿದ. ತನ್ನ ಕೆಲಸವನ್ನು ತಾನೇ ಹೀಗೆ ಬಿಟ್ಟುಕೊಡುವುದು ಸುಲಭ ಅಲ್ಲ. ಸಂಕಲನಕಾರ ಮನೋಜ್ ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾವನ್ನು ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ತಂದ. ಟ್ರೇಲರ್ ಕತ್ತರಿಸಿದ್ದೂ ಅವನೇ. ಕಥೆ ಬಿಟ್ಟುಕೊಡುವ ಒಂದು ಶಾಟನ್ನೂ ಅವನು ಒಳಗೆ ಬಿಟ್ಟಿಲ್ಲ.

ದುಡ್ಡಿನ ವಿಷಯ. ಈ ಸಿನಿಮಾಕ್ಕೆ ಒಬ್ಬ ನಿರ್ಮಾಪಕರಿಲ್ಲ, ಅರವತ್ತೊಂದು ಜನ ಇದ್ದಾರೆ. ಐದು ಸಾವಿರ ಕೊಟ್ಟವರೂ ಇದ್ದಾರೆ, ಅಡಿಕೆ ಮಾರಿದ ದುಡ್ಡು ಕೊಟ್ಟವರೂ ಇದ್ದಾರೆ. ಲೆಕ್ಕ ಪೂರ್ತಿ ನೋಡಿಕೊಂಡದ್ದು ರೇಣುಕಾ. ಕೂಲಿಯವರಿಂದ ಹಿಡಿದು ಕಲಾವಿದರವರೆಗೆ ಯಾರಿಗೂ ಒಂದು ರೂಪಾಯಿ ಬಾಕಿ ಇಲ್ಲದಂತೆ ಮುಗಿಸಿದಳು. ಆ ಅರವತ್ತೊಂದು ಹೆಸರೂ ಸಿನಿಮಾದ ಮೊದಲಲ್ಲೇ ಬರುತ್ತವೆ. ಸ್ವಲ್ಪ ಬೇಗ ಬಂದು ಕೂತರೆ ನೋಡಬಹುದು.

ಸೆನ್ಸಾರ್ ಆಗಿದೆ, ಯು ಸರ್ಟಿಫಿಕೇಟ್. ಮಕ್ಕಳನ್ನೂ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಸಾಗರ, ಶಿವಮೊಗ್ಗ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಬಿಡುಗಡೆ. ಫೆಬ್ರವರಿ 24ರಿಂದ ಬುಕ್‌ಮೈಶೋದಲ್ಲಿ ಟಿಕೆಟ್ ಸಿಗುತ್ತದೆ. ನಮ್ಮಂಥ ಸಿನಿಮಾಕ್ಕೆ ಸಿಗುವುದು ದಿನಕ್ಕೆ ಒಂದೋ ಎರಡೋ ಶೋ. ಶುಕ್ರವಾರ, ಶನಿವಾರ, ಭಾನುವಾರ ಸೀಟು ತುಂಬದಿದ್ದರೆ ಸೋಮವಾರಕ್ಕೆ ಆ ಶೋಗಳೂ ಹೋಗುತ್ತವೆ. “ಮುಂದಿನ ವಾರ ನೋಡೋಣ” ಎಂದುಕೊಳ್ಳುವವರು ದಯವಿಟ್ಟು ಮೊದಲ ಮೂರು ದಿನದಲ್ಲೇ ಬನ್ನಿ. ಟ್ರೇಲರ್ ಇಷ್ಟವಾದರೆ ನಿಮ್ಮ ಊರಿನ, ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿ. ಅದಕ್ಕಿಂತ ದೊಡ್ಡ ಜಾಹೀರಾತು ನಮ್ಮ ಹತ್ತಿರ ಇಲ್ಲ. ಕನ್ನಡ ಬಾರದ ಗೆಳೆಯರಿದ್ದರೆ ಅವರನ್ನೂ ಕರೆತನ್ನಿ, ಇಂಗ್ಲಿಷ್ ಸಬ್‌ಟೈಟಲ್ ಇದೆ.

ಕಾಮೆಂಟಿನಲ್ಲಿ ನಿಮ್ಮ ಲಾಂಚಿನ ನೆನಪು ಬರೆಯಿರಿ. ತಪ್ಪಿಸಿಕೊಂಡದ್ದೋ, ಸಿಕ್ಕಿದ್ದೋ, ಯಾವುದಾದರೂ. ಒಂದೂ ಬಿಡದೆ ಓದುತ್ತೇನೆ.

ಕೊನೇ ಲಾಂಚ್
ತಾರಾಗಣ: ಸುಬ್ರಾಯ, ಜಯಲಕ್ಷ್ಮಿ, ಚಿರಂತ್, ಮಂಜಪ್ಪ, ಶಾರದಾ ಮತ್ತು ಹೊಳೆಬಾಗಿಲು, ತುಮರಿ, ಕಳಸವಳ್ಳಿಯ ಜನ
ಕಥೆ, ಚಿತ್ರಕಥೆ: ಸಂದೀಪ, ವಿನುತಾ
ಸಂಭಾಷಣೆ: ವಿನುತಾ
ಛಾಯಾಗ್ರಹಣ: ಪ್ರಜ್ವಲ್
ಧ್ವನಿಗ್ರಹಣ, ಧ್ವನಿ ವಿನ್ಯಾಸ: ಶ್ರೀಲತಾ
ಸಂಕಲನ, ಟ್ರೇಲರ್: ಮನೋಜ್
ಸಂಗೀತ: ಅನಿರುದ್ಧ
ಕಲೆ: ದಿನೇಶ
ವಸ್ತ್ರ: ಸಹನಾ
ಶೀರ್ಷಿಕೆ ಚಿತ್ತಾರ, ಹಾಡಿನ ದನಿ: ಗೌರಮ್ಮ
ಸಹ ನಿರ್ದೇಶನ: ಅಶ್ವಿನಿ, ಕಿರಣ
ಸಬ್‌ಟೈಟಲ್: ಮೇಘನಾ
ಅಡುಗೆ: ನಾಗರಾಜಣ್ಣ ಮತ್ತು ಮನೆಯವರು (ಮಳೆಯಲ್ಲಿ ನಮ್ಮನ್ನು ನಿಲ್ಲಿಸಿದ್ದು ಇವರ ಗಂಜಿ ಮತ್ತು ಅಪ್ಪೆಹುಳಿ)
ನಿರ್ಮಾಣ ನಿರ್ವಹಣೆ: ರೇಣುಕಾ
ನಿರ್ಮಾಣ: 61 ಗೆಳೆಯರು
ನಿರ್ದೇಶನ: ಸಂದೀಪ

ಫೆಬ್ರವರಿ 27ರಿಂದ ಥಿಯೇಟರಿನಲ್ಲಿ.

#ಕೊನೇಲಾಂಚ್ #ಹತ್ತುನಿಮಿಷನಿಲ್ಲಿಸ್ತೀರಾ #ಕನ್ನಡಸಿನಿಮಾ #ಶರಾವತಿ