ಹಿರಿಯರ ಆರೋಗ್ಯ ಮೌಲ್ಯಮಾಪನ: ಸಾರಾಂಶ ಹಾಳೆ

ವೃದ್ಧಾಪ್ಯ ವೈದ್ಯಕೀಯ ಹೊರರೋಗಿ ವಿಭಾಗ, ಬೆಂಗಳೂರು. ತಾರೀಖು: 12-06-2025, ಬೆಳಿಗ್ಗೆ 10ರಿಂದ 11:30

ಹಿರಿಯರು: ಮಹಿಳೆ, 76 ವರ್ಷ, ಬನಶಂಕರಿ 2ನೇ ಹಂತ. ಮಗ ಸೊಸೆ ಜೊತೆ ವಾಸ. ಓದು 7ನೇ ತರಗತಿ, ಕನ್ನಡ ಮಾಧ್ಯಮ. ಸಸ್ಯಾಹಾರಿ. ಮಾಹಿತಿ ಕೊಟ್ಟವರು: ಸ್ವತಃ ಅವರು ಮತ್ತು ಸೊಸೆ.

ಕಾಯಿಲೆಗಳು: ಬಿಪಿ, 9 ವರ್ಷದಿಂದ ಸಕ್ಕರೆ ಕಾಯಿಲೆ, ಬಲಗಣ್ಣಿನಲ್ಲಿ ಪೊರೆ.

ಈಗಿನ ಮಾತ್ರೆ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಕ್ಲೋರ್‌ಥಾಲಿಡೋನ್ 12.5 ಮಿ.ಗ್ರಾಂ ಸೇರಿದ ಮಾತ್ರೆ ಬೆಳಿಗ್ಗೆ (ಫೆಬ್ರವರಿಯಿಂದ, ಅದಕ್ಕೆ ಮುಂಚೆ ಟೆಲ್ಮಿಸಾರ್ಟನ್ ಒಂದೇ), ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು, ನಿದ್ದೆಗೆ ಕ್ಲೋನಾಜೆಪಾಮ್ 0.5 ರಾತ್ರಿ.

ಅಂಕಗಳು

| ವಿಭಾಗ | ಪರೀಕ್ಷೆ | ಅಂಕ | ಅಂಕ ಹೆಚ್ಚಾದರೆ | ಅಪಾಯದ ಗಡಿ | ಬಣ್ಣ |
|---|---|---|---|---|---|
| ಬೀಳುವಿಕೆ | 12 ಪ್ರಶ್ನೆಗಳ ಸ್ಟೇ ಇಂಡಿಪೆಂಡೆಂಟ್ ಪಟ್ಟಿ | 9/14 | ಕೆಟ್ಟದ್ದು | 4 ಮತ್ತು ಮೇಲೆ | ಕೆಂಪು |
| ನಡಿಗೆ | ಟಿಯುಜಿ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು | 19.4 ಸೆಕೆಂಡು | ಕೆಟ್ಟದ್ದು | 12 ಸೆಕೆಂಡು ಮತ್ತು ಮೇಲೆ | ಕೆಂಪು |
| ನಡಿಗೆ | ಎಸ್‌ಪಿಪಿಬಿ: ಸಮತೋಲನ, ನಡಿಗೆಯ ವೇಗ, ಕುರ್ಚಿಯಿಂದ ಏಳುವುದು | 5/12 | ಒಳ್ಳೆಯದು | 9 ಮತ್ತು ಕೆಳಗೆ | ಕೆಂಪು |
| ನೆನಪು | ಮಿನಿ-ಕಾಗ್: ಮೂರು ಪದ ನೆನಪಿಡುವುದು, ಗಡಿಯಾರ ಬರೆಯುವುದು | 2/5 | ಒಳ್ಳೆಯದು | 3ಕ್ಕಿಂತ ಕೆಳಗೆ | ಕೆಂಪು, ತಾತ್ಕಾಲಿಕ |
| ಪೋಷಣೆ | ಎಂಎನ್‌ಎ-ಎಸ್‌ಎಫ್: ಪೋಷಣೆಯ ಆರು ಪ್ರಶ್ನೆಗಳ ಪಟ್ಟಿ | 9/14 | ಒಳ್ಳೆಯದು | 8–11 ಅಪಾಯ, 7 ಮತ್ತು ಕೆಳಗೆ ಅಪೌಷ್ಟಿಕತೆ | ಹಳದಿ |

ಒಟ್ಟು ಅಂಕ: ಹಾಕಿಲ್ಲ, ಮುಂದೆಯೂ ಯಾರೂ ಹಾಕಬಾರದು. ಎರಡು ಪರೀಕ್ಷೆಗಳಲ್ಲಿ ಅಂಕ ಏರಿದರೆ ಕೆಟ್ಟದ್ದು, ಮೂರರಲ್ಲಿ ಏರಿದರೆ ಒಳ್ಳೆಯದು. ಕೂಡಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಪೋಷಣೆಯ ಪಟ್ಟಿಯ ಒಳಗೇ ಓಡಾಟದ ಒಂದು ಪ್ರಶ್ನೆ, ಮರೆವಿನ ಒಂದು ಪ್ರಶ್ನೆ ಇವೆ. ಕೂಡಿದರೆ ಒಂದೇ ತೊಂದರೆ ಎರಡು ಸಲ ಎಣಿಕೆಯಾಗುತ್ತದೆ. ನಮ್ಮ ವಿಭಾಗದ ಕ್ರಮ ಇಷ್ಟೇ: ನಾಲ್ಕರಲ್ಲಿ ಎರಡು ವಿಭಾಗ ಕೆಂಪಾದರೆ ಎರಡು ವಾರದೊಳಗೆ ತಂಡದ ಮರುಪರಿಶೀಲನೆ. ಇಲ್ಲಿ ಮೂರು ಕೆಂಪು.

ಅಂಕಗಳು ಬಂದ ಬಗೆ

ಬೀಳುವಿಕೆ. ವರ್ಷದಲ್ಲಿ ಎರಡು ಸಲ, ಎರಡೂ ಹೊಸ ಬಿಪಿ ಮಾತ್ರೆ ಶುರುವಾದ ಮೇಲೆ. ಮಾರ್ಚ್‌ನಲ್ಲಿ ರಾತ್ರಿ 3ಕ್ಕೆ ಅವಸರದಲ್ಲಿ ಬಚ್ಚಲಿಗೆ ಹೋಗುವಾಗ ಒದ್ದೆ ನೆಲದಲ್ಲಿ; ಸುಮಾರು 10 ನಿಮಿಷ ಏಳಲಾಗಲಿಲ್ಲ. ಮೇ ಕೊನೆಯಲ್ಲಿ ಸ್ನಾನ ಮುಗಿಸಿ ಮಣೆಯಿಂದ ಎದ್ದಾಗ ಕಣ್ಣು ಕತ್ತಲೆ ಬಂದು. ತಲೆಗೆ ಪೆಟ್ಟಿಲ್ಲ, ಪ್ರಜ್ಞೆ ತಪ್ಪಿಲ್ಲ. ಐದು ನಿಮಿಷ ಮಲಗಿಸಿ ನೋಡಿದ ಬಿಪಿ 138/78, ನಾಡಿ 78. ನಿಂತ 1 ನಿಮಿಷಕ್ಕೆ 116/70, 3 ನಿಮಿಷಕ್ಕೆ 114/68, ನಾಡಿ 82. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗಿನ ಬಿಪಿ ಕುಸಿತ ಎನ್ನುತ್ತೇವೆ. ಇಲ್ಲಿ ಎರಡೂ ಇಳಿದಿವೆ. ಇಷ್ಟು ಕುಸಿದರೂ ನಾಡಿ ನಾಲ್ಕೇ ಏರಿದ್ದರಿಂದ ಸಕ್ಕರೆ ಕಾಯಿಲೆಯ ನರದೌರ್ಬಲ್ಯವೂ ಇರಬಹುದು. ಕುಳಿತು ಮಾತ್ರ ಬಿಪಿ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಡಿಗೆ. ಮೊದಲ ಟಿಯುಜಿ 15.2 ಸೆಕೆಂಡು ಬಂತು, ಆದರೆ ಮನೆಯವರು ಪಕ್ಕದಿಂದ "ಬೇಗ ಬೇಗ" ಎನ್ನುತ್ತಿದ್ದರು. ಅದನ್ನು ಬಿಟ್ಟು, ದಿನದ ಚಪ್ಪಲಿಯಲ್ಲಿ, ಎಂದಿನ ವೇಗದಲ್ಲಿ ಮತ್ತೆ ಮಾಡಿಸಿದ್ದೇ 19.4. ತಿರುಗುವಲ್ಲಿ ಆರು ಪುಟ್ಟ ಹೆಜ್ಜೆ ಇಟ್ಟರು, ಗೋಡೆ ಮುಟ್ಟಿದರು. ಎಸ್‌ಪಿಪಿಬಿ ಬಿಡಿ ಅಂಕ: ಸಮತೋಲನ 2 (ಒಂದರ ಮುಂದೊಂದು ಪಾದ ಇಟ್ಟು ನಿಲ್ಲುವುದು 2 ಸೆಕೆಂಡು ಮಾತ್ರ), 4 ಮೀಟರ್ ನಡಿಗೆ 6.9 ಸೆಕೆಂಡು, ಅಂಕ 2, ಕೈ ಕಟ್ಟಿ ಕುರ್ಚಿಯಿಂದ ಐದು ಸಲ ಏಳುವುದು 18.4 ಸೆಕೆಂಡು, ಅಂಕ 1. ಮೀನಖಂಡದ ಸುತ್ತಳತೆ 30 ಸೆಂ.ಮೀ. ಏಷ್ಯಾದ ಮಹಿಳೆಯರಿಗೆ 33ಕ್ಕಿಂತ ಕಡಿಮೆಯಿದ್ದರೆ ಸ್ನಾಯು ಕರಗಿರುವ ಶಂಕೆ.

ನೆನಪು. ಬಾಳೆಹಣ್ಣು, ಸೂರ್ಯೋದಯ, ಕುರ್ಚಿ: ಎರಡು ನೆನಪಿಸಿಕೊಂಡರು, ಸೂರ್ಯೋದಯ ಬಿಟ್ಟುಹೋಯಿತು. ಗಡಿಯಾರದಲ್ಲಿ ಅಂಕಿಗಳು ಸರಿಯಾದ ಜಾಗದಲ್ಲಿವೆ, 11 ಗಂಟೆ 10 ನಿಮಿಷ ತೋರಿಸಬೇಕಾದ ಮುಳ್ಳುಗಳು 10 ಮತ್ತು 11ರ ಮೇಲೆ ನಿಂತಿವೆ. ಗಡಿಯಾರಕ್ಕೆ ಪೂರ್ತಿ 2 ಅಥವಾ 0, ನಡುವೆ ಇಲ್ಲ. ಆದ್ದರಿಂದ 2/5. ಹಾಲಿನ ಲೆಕ್ಕವನ್ನು ಏಪ್ರಿಲ್‌ವರೆಗೆ ತಾವೇ ಬರೆಯುತ್ತಿದ್ದರು, ಈಗ ತಪ್ಪುತ್ತಿದೆ. ಇದನ್ನು ಮರೆವಿನ ಕಾಯಿಲೆ ಎಂದು ಎಲ್ಲಿಯೂ ಬರೆಯಬೇಡಿ: ರಕ್ತದ ಸೋಡಿಯಂ ಇಳಿದಿದೆ, ನಿದ್ದೆ ಮಾತ್ರೆ ಮೈಯಲ್ಲಿದೆ, ಬಿ12 ಕಡಿಮೆಯಿದೆ. ಮೂರೂ ಸರಿಯಾಗುವಂಥವು.

ಪೋಷಣೆ. ಊಟ ತಗ್ಗಿದೆ 1, ಮೂರು ತಿಂಗಳಲ್ಲಿ 46.5ರಿಂದ 44 ಕಿಲೋಗೆ ಇಳಿಕೆ 2, ಮನೆಯಿಂದ ಹೊರಗೆ ಹೋಗುವುದಿಲ್ಲ 1, ತೀವ್ರ ಕಾಯಿಲೆ ಅಥವಾ ಆಘಾತ ಇಲ್ಲ 2, ಮರೆವಿನ ಕಾಯಿಲೆ ಅಥವಾ ಖಿನ್ನತೆ ಖಚಿತವಾಗಿಲ್ಲ 2, ಬಿಎಂಐ 20.1ಕ್ಕೆ 1. ಮರೆವಿನ ಪ್ರಶ್ನೆಗೆ ನಾಳೆ ಯಾರಾದರೂ 1 ಹಾಕಿದರೂ ಮೊತ್ತ 8, ಗುಂಪು ಅದೇ. ಎತ್ತರ 148 ಸೆಂ.ಮೀ., ಬೆನ್ನು ಬಾಗಿದೆ. ಬಾಗಿದ ಬೆನ್ನಿನಿಂದ ಎತ್ತರ ಕಡಿಮೆ ಬಂದು ಬಿಎಂಐ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ತೂಕ ಇಳಿದು ಹಲ್ಲಿನ ಸೆಟ್ ಸಡಿಲವಾಗಿದೆ, ಹಾಗಾಗಿ ತಿಳಿಸಾರು ಅನ್ನ, ಮೊಸರನ್ನ ಇಷ್ಟೇ.

ರಕ್ತ: ಸೋಡಿಯಂ 129, ಬಿ12 178, ಹಿಮೋಗ್ಲೋಬಿನ್ 11.2, ಎಚ್‌ಬಿಎ1ಸಿ 6.8, ಥೈರಾಯ್ಡ್ ಸರಿ.

ನಾಲ್ಕನ್ನೂ ಸೇರಿಸಿ ಓದಿದರೆ

ನಾಲ್ಕು ತೊಂದರೆಗಳಲ್ಲ, ಹೆಚ್ಚಿನ ಪಾಲು ಒಂದೇ ಎಳೆ. ಫೆಬ್ರವರಿಯಲ್ಲಿ ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್ ಸೇರಿತು. ಬಿಪಿಗೆಂದು ಮನೆಯಲ್ಲಿ ಉಪ್ಪು ತೀರಾ ಕಡಿಮೆಯಾಯಿತು. ಬೇಸಿಗೆಯೆಂದು ದಿನಕ್ಕೆ 3 ಲೀಟರ್ ನೀರು ಕುಡಿದರು. ಮೂರೂ ಸೇರಿ ಸೋಡಿಯಂ ಇಳಿಯಿತು. ಸೋಡಿಯಂ ಇಳಿದರೆ ಹೆಜ್ಜೆ ತಪ್ಪುತ್ತದೆ, ಊಟ ಸೇರುವುದಿಲ್ಲ, ಮಂಕು ಕವಿಯುತ್ತದೆ. ಅದೇ ಮಾತ್ರೆಯಿಂದ ನಿಂತಾಗ ಬಿಪಿ ಕುಸಿಯುತ್ತದೆ, ಕ್ಲೋನಾಜೆಪಾಮ್ ರಾತ್ರಿಯ ಅಡಿಯನ್ನು ಇನ್ನಷ್ಟು ಸಡಿಲಿಸುತ್ತದೆ. ಬಿದ್ದ ಭಯಕ್ಕೆ ಹೊರಗೆ ಹೋಗುವುದು ನಿಂತಿತು, ತೊಡೆಯ ಸ್ನಾಯು ಕರಗಿತು. ಮಾತ್ರೆ ಸರಿಮಾಡಿದರೂ ಸ್ನಾಯು ತಾನಾಗಿ ಮರಳುವುದಿಲ್ಲ. ಅದಕ್ಕೆ ವ್ಯಾಯಾಮ, ಪ್ರೋಟೀನ್ ಎರಡೂ ಬೇಕು.

ಮಾಡಬೇಕಾದ್ದು

ಕುಟುಂಬ ವೈದ್ಯರಿಗೆ: ಕ್ಲೋರ್‌ಥಾಲಿಡೋನ್ ಇಂದಿನಿಂದ ಬಂದ್, ಟೆಲ್ಮಿಸಾರ್ಟನ್ 40 ಒಂದೇ. ಈ ಅಂಶ ಬೇರೆ ಹೆಸರಿನ ಮಾತ್ರೆಯಲ್ಲಿ ಮತ್ತೆ ಸೇರದಂತೆ ಚೀಟಿಯ ಮೇಲೆ ಬರೆದಿದ್ದೇವೆ. ಸೋಡಿಯಂ ಮತ್ತೆ 16-06 ಮತ್ತು 19-06ಕ್ಕೆ. ಕ್ಲೋನಾಜೆಪಾಮ್ ಎರಡು ವಾರ 0.25, ಮುಂದಿನ ಹಂತ 26-06ಕ್ಕೆ ನೋಡಿ ನಿರ್ಧಾರ. ಒಮ್ಮೆಲೇ ನಿಲ್ಲಿಸಬೇಡಿ, ನಿದ್ದೆಗೇಡು, ನಡುಕ ಬರುತ್ತವೆ. ಬಿ12 ಚುಚ್ಚುಮದ್ದು ಶುರುಮಾಡಿ. ಮೆಟ್‌ಫಾರ್ಮಿನ್ ಮತ್ತು ಸಸ್ಯಾಹಾರ ಎರಡೂ ಕಾರಣ. ಮೂಳೆ ಸಾಂದ್ರತೆ ಪರೀಕ್ಷೆ, ಪೊರೆಗೆ ಕಣ್ಣಿನ ವೈದ್ಯರ ಭೇಟಿ ಈ ತಿಂಗಳೇ.

ಫಿಸಿಯೋ: ವಾರಕ್ಕೆ ಎರಡು ದಿನ, ಸಮತೋಲನ ಮತ್ತು ತಿರುಗುವ ಅಭ್ಯಾಸ. ಮನೆಯಲ್ಲಿ 46 ಸೆಂ.ಮೀ. ಎತ್ತರದ ಕುರ್ಚಿಯಿಂದ 5 ಸಲ ಎದ್ದು ಕೂರುವುದು, ದಿನಕ್ಕೆ ಎರಡು ಬಾರಿ, ಪಕ್ಕದಲ್ಲಿ ಒಬ್ಬರು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಲಿ.

ಮನೆಯವರಿಗೆ: ನಿಮ್ಮ ಅತ್ತೆಯವರು ಹಾಸಿಗೆಯಲ್ಲಿ ಎರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳಲಿ. ಸ್ನಾನಕ್ಕೆ ಮಣೆ ಬೇಡ, ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಇಡಿ. ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆಯನ್ನು ಮೇಸ್ತ್ರಿಯಿಂದಲೇ ತಿರುಪು ಹಾಕಿಸಿ, ರಬ್ಬರ್ ಹೀರಿಕೆಯದು ಕಿತ್ತು ಬರುತ್ತದೆ. ಹಾಸಿಗೆಯಿಂದ ಬಚ್ಚಲಿಗೆ ರಾತ್ರಿ ದೀಪ ಉರಿಯಲಿ. ಸೋಡಿಯಂ ಮತ್ತೆ ನೋಡುವವರೆಗೆ ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ಒಂದೂವರೆ ಲೀಟರ್, ಸಂಜೆ 7ರ ನಂತರ ಕಡಿಮೆ. ಅಡುಗೆಗೆ ಮಾಮೂಲಿನಷ್ಟೇ ಉಪ್ಪು. ಅತಿಯಾದ ಮಂಪರು, ವಾಂತಿ, ಫಿಟ್ಸ್ ಕಂಡರೆ ಕಾಯದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಬನ್ನಿ.

ಆಹಾರ: ಈಗ ದಿನಕ್ಕೆ ಸುಮಾರು 30 ಗ್ರಾಂ ಪ್ರೋಟೀನ್, ಬೇಕಾದ್ದು 44ರಿಂದ 53. ತಿಳಿಸಾರಿನ ಬದಲು ಬೇಳೆ ಕದಡಿದ ಗಟ್ಟಿ ಸಾರು, ಬೆಂದ ಹೆಸರುಕಾಳಿನ ಉಸಲಿ ಅರ್ಧ ಬಟ್ಟಲು, ಎರಡು ಚಮಚ ಹುರಿಗಡಲೆ ಪುಡಿ ಅನ್ನಕ್ಕೆ, ಈಗಿರುವುದರ ಮೇಲೆ ಇನ್ನೊಂದು ಬಟ್ಟಲು ಮೊಸರು. ಹಲ್ಲಿನ ಸೆಟ್ ಸರಿಮಾಡಿಸುವವರೆಗೆ ಎಲ್ಲವೂ ಮೆತ್ತಗೆ.

ಮುಂದಿನ ಭೇಟಿ: 26-06-2025 ತಂಡದ ಪರಿಶೀಲನೆ, ಮಲಗಿ ಮತ್ತು ನಿಂತು ಬಿಪಿ, ಟಿಯುಜಿ. 14-08-2025 ಎಸ್‌ಪಿಪಿಬಿ, ಎಂಎನ್‌ಎ-ಎಸ್‌ಎಫ್, ಬೇರೆ ಮೂರು ಪದಗಳೊಂದಿಗೆ ಮಿನಿ-ಕಾಗ್. ಸೋಡಿಯಂ ಸರಿಯಾದ ಮೇಲೂ ಮಿನಿ-ಕಾಗ್ ಅಂಕ 3ಕ್ಕಿಂತ ಕಡಿಮೆ ಬಂದರೆ ನಿಮ್ಹಾನ್ಸ್‌ಗೆ ವಿವರ ಪರೀಕ್ಷೆಗೆ. ತೂಕ ಪ್ರತಿ ಭಾನುವಾರ, ಬೆಳಿಗ್ಗೆ ಕಾಫಿಗೆ ಮುಂಚೆ, ಇದೇ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. 43ಕ್ಕೆ ಇಳಿದರೆ ತಾರೀಖಿಗೆ ಕಾಯದೆ ಬನ್ನಿ.