ಹಿಂದುಳಿದವರು ಯಾರು, ಹಾಗೆ ಕರೆದವರು ಯಾರು?

‘ಹಿಂದುಳಿದ’ ಅನ್ನುವ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಹಿಂದೆ ಉಳಿದ. ಎಲ್ಲರೂ ಹೊರಟರು, ಇವನೊಬ್ಬ ನಿಂತುಬಿಟ್ಟ ಅನ್ನುವ ಹಾಗಿದೆ ಅದರ ವ್ಯಾಕರಣ. ಅವನನ್ನು ಯಾರಾದರೂ ತಡೆದರಾ? ದಾರಿ ಹಾಕಿದ್ದು ಯಾರು? ‘ಮುಂದೆ’ ಅಂದರೆ ಯಾವ ಕಡೆ? ಇಂಥ ಪ್ರಶ್ನೆಗಳಿಗೆ ಆ ಪದದೊಳಗೆ ಜಾಗವೇ ಇಲ್ಲ. ಅಭಿವೃದ್ಧಿಯ ಸಂಕಥನದ ಬಗ್ಗೆ, ಅಂದರೆ ಅಭಿವೃದ್ಧಿಯನ್ನು ಕುರಿತು ಮಾತಾಡುವ ರೀತಿಯ ಬಗ್ಗೆ, ವಸಾಹತೋತ್ತರ ಚಿಂತಕರು ಎತ್ತಿರುವ ಆಕ್ಷೇಪಗಳಲ್ಲಿ ನನಗೆ ಮುಖ್ಯ ಅನಿಸುವುದು ಇದೇ: ಇಬ್ಬರ ನಡುವೆ ನಡೆದ ವ್ಯವಹಾರವನ್ನು ಅದು ಒಬ್ಬನ ಗುಣ ಮಾಡಿಬಿಡುತ್ತದೆ.

ಅಭಿವೃದ್ಧಿಯ ಮಾತಿನ ಈ ಕಥೆಯನ್ನು ಸಾಮಾನ್ಯವಾಗಿ 1949ರ ಜನವರಿ 20ರಿಂದ ಶುರು ಮಾಡುತ್ತಾರೆ. ಅಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಹೊಸ ಅವಧಿಯ ಮೊದಲ ಭಾಷಣದಲ್ಲಿ ಅಭಿವೃದ್ಧಿ ಸಾಲದ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನದ ನೆರವು ಕೊಡುವ ಮಾತಾಡಿದರು. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ದುರವಸ್ಥೆಯಲ್ಲಿದ್ದಾರೆ ಅಂದರು. ಹಳೆಯ ಸಾಮ್ರಾಜ್ಯಶಾಹಿಗೆ ನಮ್ಮ ಯೋಜನೆಯಲ್ಲಿ ಜಾಗವಿಲ್ಲ ಅಂತಲೂ ಅಂದರು. ಮಾನವಶಾಸ್ತ್ರಜ್ಞ ಆರ್ಟುರೊ ಎಸ್ಕೊಬಾರ್ ಅಭಿವೃದ್ಧಿಯನ್ನು ವಿಮರ್ಶಿಸುವ ತಮ್ಮ 1995ರ ಪುಸ್ತಕವನ್ನು ತೆರೆಯುವುದು ಈ ಭಾಷಣದಿಂದಲೇ. ಆದರೆ ಇದನ್ನೇ ಹುಟ್ಟಿದ ದಿನ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬ್ರಿಟನ್ ತನ್ನ ವಸಾಹತುಗಳ ‘ಅಭಿವೃದ್ಧಿ’ಗೆಂದು 1929ರಲ್ಲೇ ಕಾಯ್ದೆ ಮಾಡಿತ್ತು. ಆಳುವವನು ಬದಲಾಗುವ ಮೊದಲೇ ಮಾತು ಸಿದ್ಧವಾಗಿತ್ತು.

ಮಾತು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ದಕ್ಷಿಣ ಆಫ್ರಿಕಾ ಸುತ್ತುವರಿದ ಪುಟ್ಟ ದೇಶ ಲೆಸೊಥೊ ಒಳ್ಳೆಯ ಉದಾಹರಣೆ. ಮಾನವಶಾಸ್ತ್ರಜ್ಞ ಜೇಮ್ಸ್ ಫರ್ಗುಸನ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದರದ್ದು. ವಿಶ್ವಬ್ಯಾಂಕಿನ 1975ರ ವರದಿ ಆ ದೇಶವನ್ನು ಆಧುನಿಕ ಆರ್ಥಿಕತೆ ಹೆಚ್ಚುಕಡಿಮೆ ಮುಟ್ಟದ, ಹೊಟ್ಟೆಪಾಡಿನ ರೈತರ ಸಮಾಜ ಅಂತ ಬಣ್ಣಿಸಿತ್ತು. ವಾಸ್ತವದಲ್ಲಿ 19ನೇ ಶತಮಾನದಲ್ಲೇ ಅಲ್ಲಿನ ಧಾನ್ಯ ಹೊರಗಿನ ಮಾರುಕಟ್ಟೆಗೆ ಹೋಗುತ್ತಿತ್ತು. ಆಮೇಲೆ ತಲೆಮಾರುಗಳ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿದರು. ಆಧುನಿಕ ಆರ್ಥಿಕತೆ ಅವರನ್ನು ಮುಟ್ಟಿರಲಿಲ್ಲವಂತೆ! ಅವರು ಅದರ ತಳದಲ್ಲೇ ಇದ್ದರು, ನೆಲದಡಿಯಲ್ಲಿ.

ಲೆಸೊಥೊದ ಥಾಬಾ-ಸೇಕಾ ಪ್ರದೇಶದ ಅಭಿವೃದ್ಧಿ ಯೋಜನೆಯಲ್ಲಿ ದನಗಳ ವಿಷಯವೂ ಬಂತು. ಜನ ದನ ಮಾರಲಿ, ಒಳ್ಳೆಯ ತಳಿ ಕೊಳ್ಳಲಿ ಅನ್ನುವುದು ಯೋಜಕರ ಆಸೆ. ಜನ ಮಾರಲಿಲ್ಲ. ‘ಸಂಪ್ರದಾಯಕ್ಕೆ ಅಂಟಿಕೊಂಡವರು’ ಅಂತ ತೀರ್ಮಾನವಾಯಿತು. ಫರ್ಗುಸನ್ ಮನೆಯೊಳಗಿನ ಲೆಕ್ಕ ನೋಡಿದರು. ಗಣಿಯಿಂದ ಬಂದ ನೋಟಿನ ಮೇಲೆ ಮನೆಯ ಎಲ್ಲರ ಕೈ ಬೀಳುತ್ತದೆ; ಹೆಂಡತಿ ಕೇಳಬಹುದು, ದಿನದ ಖರ್ಚು ಕೇಳಬಹುದು. ಅದೇ ದುಡ್ಡು ದನವಾಗಿ ನಿಂತರೆ ಅದನ್ನು ಸುಲಭಕ್ಕೆ ನೋಟು ಮಾಡುವ ಹಾಗಿಲ್ಲ. ಗಣಿ ಬಿಟ್ಟು ಊರಿಗೆ ಬಂದ ಮೇಲೆ ಗಂಡಸಿನ ಬದುಕಿಗೆ ಅದೇ ಆಸರೆ. ಅಂದರೆ ಆ ದನ ಕೂಲಿಯ ಹಣದ್ದೇ ಇನ್ನೊಂದು ರೂಪ. ಅದನ್ನು ಪುರಾತನ ಮೋಹ ಅಂದಿದ್ದರಿಂದ ಗಣಿಯ ಮಾತು ಎತ್ತುವುದೇ ತಪ್ಪಿಹೋಯಿತು. (ಇದು ಹೆಂಗಸರಿಗೆ ನ್ಯಾಯವಾದ ಏರ್ಪಾಡಲ್ಲ ಅನ್ನೋದನ್ನೂ ಮರೆಯಬಾರದು. ಯೋಜಕರು ತಪ್ಪು ತಿಳಿದರು ಅಂದ ಮಾತ್ರಕ್ಕೆ ಸಂಪ್ರದಾಯ ಸರಿ ಅಂತ ಆಗುವುದಿಲ್ಲ, ಅಲ್ವಾ?)

ಇಲ್ಲಿ ಒಂದು ಮುಜುಗರವೂ ಇದೆ. ವರದಿ ಬರೆದದ್ದು ವಾಷಿಂಗ್ಟನ್ನಿನ ಸಂಸ್ಥೆ, ಅದನ್ನು ತಿದ್ದಿದ್ದು ಒಬ್ಬ ಅಮೆರಿಕನ್ ವಿದ್ವಾಂಸ. ದನ ಮಾರದೆ ಕೂತವನ ಮಾತು ನಮಗೆ ತಲುಪಿದ್ದು ಇಬ್ಬರಲ್ಲಿ ಒಬ್ಬರ ಇಂಗ್ಲಿಷಿನಲ್ಲೇ. ವಸಾಹತೋತ್ತರ ಚಿಂತಕಿ ಗಾಯತ್ರಿ ಸ್ಪಿವಾಕ್ 1988ರಲ್ಲಿ ಕೇಳಿದ ‘ತಳದವರು ಮಾತಾಡಬಲ್ಲರೇ?’ ಅನ್ನುವ ಪ್ರಶ್ನೆ ಈ ಪ್ರಬಂಧಕ್ಕೂ ತಗಲುತ್ತದೆ.

ಹಾಗಾದರೆ ‘ಹಿಂದುಳಿದ’ ಪದವನ್ನೇ ಬಿಸಾಕೋಣವೇ? ನಾನು ಹಾಗನ್ನುವುದಿಲ್ಲ. ವಿಶ್ವಸಂಸ್ಥೆಯ ‘ಅತಿ ಕಡಿಮೆ ಅಭಿವೃದ್ಧಿ ಹೊಂದಿದ ದೇಶಗಳ’ ಪಟ್ಟಿ ನೋಡಿ. 1971ರಲ್ಲಿ 25 ದೇಶಗಳಿಂದ ಶುರುವಾಯಿತು. ತಲಾ ಆದಾಯ, ಜನರ ಆರೋಗ್ಯ ಮತ್ತು ಶಿಕ್ಷಣ, ಆರ್ಥಿಕ ಹಾಗೂ ಪರಿಸರದ ಅಭದ್ರತೆ, ಇವು ಈಗಿನ ಅಳತೆಗೋಲು. ಪಟ್ಟಿಯಲ್ಲಿದ್ದರೆ ವ್ಯಾಪಾರದ ರಿಯಾಯಿತಿ, ನೆರವು ಸಿಗುತ್ತದೆ. ಹಣೆಪಟ್ಟಿ ಅವಮಾನವೂ ಹೌದು, ಕೇಳುವ ಹಕ್ಕಿನ ಚೀಟಿಯೂ ಹೌದು. ಸುಮ್ನೆ ಹರಿದು ಹಾಕಿ ಅನ್ನುವ ವಿಮರ್ಶಕ ಆ ಚೀಟಿಯ ಬೆಲೆ ಕಟ್ಟುವವನಲ್ಲ.

ಈ ಪಟ್ಟಿಗೆ ಸೇರಲು ಆ ದೇಶದ ಒಪ್ಪಿಗೆ ಬೇಕು. ಘಾನಾ, ಪಪುವಾ ನ್ಯೂಗಿನಿ, ಜಿಂಬಾಬ್ವೆ ಅರ್ಹತೆ ಇದ್ದರೂ ಬೇಡ ಅಂದವು. ‘ನೀನು ಹಿಂದುಳಿದಿದ್ದೀಯ’ ಅಂದಾಗ ‘ಇಲ್ಲ’ ಅನ್ನುವ ಅವಕಾಶ ಇರುವ ಅಪರೂಪದ ಜಾಗ ಇದು. ಆದರೆ ಆ ‘ಇಲ್ಲ’ ಹೇಳುವುದು ಸರ್ಕಾರ. ಪಟ್ಟಿಗೆ ಸೇರಿದ್ದರೆ ಬರಬಹುದಾಗಿದ್ದ ನೆರವು ಯಾರಿಗೆ ಬೇಕಿತ್ತೋ ಅವರನ್ನು ಕೇಳುವ ನಿಯಮ ಅಳತೆಗೋಲಿನಲ್ಲೂ ಇಲ್ಲ, ಒಪ್ಪಿಗೆಯಲ್ಲೂ ಇಲ್ಲ.