ಬಲೆಯ ಕಣ್ಣು

ಅಪ್ಪನ ದೋಣಿ ದಡ ಮುಟ್ಟಿತು. ನಾನು ಓಡಿಹೋಗಿ ನೋಡಿದೆ, ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಹೋದ ಸಲ ಎರಡು ಬುಟ್ಟಿ, ಅದರ ಹಿಂದಿನ ಸಲ ನಾಲ್ಕು.

"ಇನ್ನೂ ದೂರ ಹೋಗಬೇಕು," ಅಂದ ಅಪ್ಪ.

"ಡೀಸೆಲ್‌ಗೆ ದುಡ್ಡೆಲ್ಲಿ?" ಅಮ್ಮ ಕೇಳಿದಳು.

ಅಜ್ಜಿ ಮಾತಾಡಲಿಲ್ಲ. ಒಂದು ಮೀನು ಎತ್ತಿ ನನ್ನ ಅಂಗೈ ಮೇಲಿಟ್ಟಳು. ಬೆರಳಿನಷ್ಟೇ ಉದ್ದ, ಬೆಳ್ಳಗೆ ಹೊಳೆಯುತ್ತಿತ್ತು, ಪಾಪ. ಅದರ ಹೊಟ್ಟೆ ಮೆಲ್ಲಗೆ ಒತ್ತಿ, "ಇದು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿಲ್ಲ ಕಣೋ," ಅಂದಳು. ಆಮೇಲೆ ಅಪ್ಪನ ಹೊಸ ಬಲೆಯ ಕಣ್ಣಿಗೆ ಬೆರಳು ತೂರಿಸಿದಳು. ಕಿರುಬೆರಳೂ ಸಿಕ್ಕಿಕೊಂಡಿತು. ಅಪ್ಪನ ಕಡೆ ತಿರುಗಿದಳು.

"ನಿಮ್ಮಪ್ಪನ ಬಲೇಲಿ ಮೂರು ಬೆರಳು ಹೋಗ್ತಿತ್ತು, ಅಲ್ವಾ?"

ಅಪ್ಪ ತುಂಬಾ ಹೊತ್ತು ಸುಮ್ನೆ ಕೂತ. ರಾತ್ರಿ ನನಗೆ ಎಚ್ಚರವಾದಾಗ ಅವನು ಅಟ್ಟದಿಂದ ಅಜ್ಜನ ಬಲೆ ಇಳಿಸಿ, ಹರಿದ ಕಡೆ ದಾರ ಕಟ್ಟುತ್ತಿದ್ದ. ಅಜ್ಜಿ ದೀಪ ಹಿಡಿದಿದ್ದಳು.